ಮೂರು ಬೋರಿನಲ್ಲೂ ಗಟ್ಟಿ ಬಂಡೆ ಸಿಕ್ಕರೆ ಪಾಯ ಹಾಕಬಹುದಾ?

ಪ್ರಶ್ನೆ: ನಮ್ಮ ಜಾಗದಡಿ ಸುಣ್ಣಕಲ್ಲು ಇದೆ. ಮೂರು ಕಡೆ ಬೋರ್ ಹಾಕಿಸಿದೆವು, ಮೂರರಲ್ಲೂ ಎರಡು-ಮೂರು ಮೀಟರಿಗೆ ಗಟ್ಟಿ ಬಂಡೆ ಸಿಕ್ಕಿತು. ಆದರೂ ಇಂಜಿನಿಯರ್ ಗ್ರೌಂಡ್ ರಾಡಾರ್ ಮಾಡಿಸಿ ಅಂತಾರೆ. ಗುತ್ತಿಗೆದಾರರು ಅದೆಲ್ಲ ಸುಮ್ನೆ ಖರ್ಚು ಅಂತಾರೆ. ರಾಡಾರ್ ಬೇಕಾ? ಅದೊಂದೇ ಸಾಕಾ?

ಉತ್ತರ: ರಾಡಾರ್ ಬೇಕು, ಆದರೆ ಅದೊಂದೇ ಸಾಲದು. ಈಗಲೇ ಮಾಡಿಸಿದರೆ ಬಹುಶಃ ಏನೂ ಕಾಣಿಸದು.

ಮೊದಲು ಆ ಮೂರು ಬೋರಿನ ವಿಷಯ. ಮಳೆನೀರು ಗಾಳಿ ಮತ್ತು ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಅದು ಬಂಡೆಯ ಸೀಳುಗಳಲ್ಲಿ ಇಳಿಯುತ್ತಾ ಸುಣ್ಣಕಲ್ಲನ್ನು ಕರಗಿಸುತ್ತದೆ. ಹಾಗಾಗಿ ಒಂದು ಕಡೆ ಗಟ್ಟಿ ಬಂಡೆ, ಒಂದೂವರೆ ಮೀಟರ್ ಪಕ್ಕದಲ್ಲೇ ಪೊಳ್ಳು. ನಿಮ್ಮ ಜಾಗ 30 ಮೀಟರ್ ಉದ್ದ, 20 ಮೀಟರ್ ಅಗಲ ಅಂದುಕೊಳ್ಳಿ, ಅಂದರೆ 600 ಚದರ ಮೀಟರ್. ಅದರ ಕೆಳಗೆ 2 ಮೀಟರ್ ಅಗಲದ ಒಂದು ದುಂಡನೆ ಪೊಳ್ಳಿದೆ ಎಂದರೆ ಅದರ ವಿಸ್ತೀರ್ಣ ಸುಮಾರು 3 ಚದರ ಮೀಟರ್. ಮೂರು ಬೋರಿನಲ್ಲಿ ಒಂದಾದರೂ ಅದಕ್ಕೆ ತಾಗುವ ಸಾಧ್ಯತೆ ನೂರಕ್ಕೆ ಎರಡೂ ಇಲ್ಲ. ಇನ್ನೊಂದು ಮಾತು: ಬಂಡೆ ಸಿಕ್ಕ ತಕ್ಷಣ ಬೋರ್ ನಿಲ್ಲಿಸಿದ್ದರೆ ಅದು ಮಣ್ಣಲ್ಲಿ ತೇಲುತ್ತಿರುವ ದೊಡ್ಡ ಗುಂಡೂ ಇರಬಹುದು. ಬಂಡೆಯೊಳಗೆ ಕನಿಷ್ಠ ಮೂರು ಮೀಟರ್ ಇಳಿದಿದ್ದಾರಾ ಎಂದು ವರದಿಯಲ್ಲಿ ನೋಡಿ.

ಈಗ ರಾಡಾರ್. ಅದು ರೇಡಿಯೊ ಅಲೆ ಕಳಿಸಿ ಪ್ರತಿಧ್ವನಿ ಕೇಳುತ್ತದೆ. ಒಣ ಸುಣ್ಣಕಲ್ಲಿನಲ್ಲಿ ಹತ್ತು ಮೀಟರ್ ಆಳದವರೆಗೂ ಕಾಣಿಸಬಹುದು. ಆದರೆ ಒದ್ದೆ ಜೇಡಿಮಣ್ಣು ಅಲೆಯನ್ನು ನುಂಗಿಬಿಡುತ್ತದೆ. ಒಂದು ಮೀಟರ್ ದಾಟುವುದೂ ಕಷ್ಟ. ನಿಮ್ಮಲ್ಲಿ ಬಂಡೆಯ ಮೇಲೆ ಎರಡು ಮೀಟರ್ ಮಣ್ಣಿದೆ, ಅದು ಜೇಡಿಯಾಗಿದ್ದರೆ ಮೇಲಿನಿಂದ ಓಡಿಸಿ ಬಂದ ಖಾಲಿ ಚಿತ್ರವನ್ನು 'ಪೊಳ್ಳಿಲ್ಲ' ಎಂದು ಓದಬೇಡಿ. ಯಂತ್ರಕ್ಕೆ ಕಾಣಲಿಲ್ಲ, ಅಷ್ಟೆ. ಆದ್ದರಿಂದ ಪಾಯದ ಗುಂಡಿ ಬಂಡೆವರೆಗೆ ತೋಡಿ, ಬಂಡೆಯ ಮೈ ಗುಡಿಸಿ, ಆಮೇಲೆ ಅರ್ಧರ್ಧ ಮೀಟರಿಗೊಂದು ಗೆರೆಯಂತೆ ರಾಡಾರ್ ಎಳೆಸಿ.

ನಾನು ಕೆಲಸ ಮಾಡಿದ ಒಂದು ಕಡೆ ಹೀಗೆ ಎಳೆದಾಗ, ಒಂದು ಪಾಯದಡಿ ಬೋರಲು ಹಾಕಿದ ಬಟ್ಟಲಿನಂಥ ಗುರುತು ಬಂತು. ಅಲೆ ಹೋಗಿ ಬರಲು 50 ನ್ಯಾನೊಸೆಕೆಂಡ್. ಸುಣ್ಣಕಲ್ಲಿನಲ್ಲಿ ಅಲೆಯ ವೇಗ ನ್ಯಾನೊಸೆಕೆಂಡಿಗೆ ಸುಮಾರು 0.1 ಮೀಟರ್. ಹೋಗಿ ಬರುವ ಒಟ್ಟು ದೂರ 5 ಮೀಟರ್, ಅಂದರೆ ಆಳ ಎರಡೂವರೆ ಮೀಟರ್. ಆದರೆ ಅದು ಪೊಳ್ಳೋ, ಮಣ್ಣು ತುಂಬಿದ ಸೀಳೋ ಎಂದು ಚಿತ್ರ ನೋಡಿ ಖಚಿತವಾಗಿ ಹೇಳಲಾಗದು. ಅಲ್ಲಿಗೇ ಡ್ರಿಲ್ ಇಳಿಸಿದೆವು.

ಇಂಥ ಕಡೆ ಡ್ರಿಲ್ ಹಾಕುವವರ ಕೈಯೇ ಅಳತೆಗೋಲು. ಮೀಟರಿಗೆ ಮೂರು ನಿಮಿಷದಂತೆ ಒಂದೇ ಸಮ ಕೊರೆಯುತ್ತಿದ್ದ ರಾಡು 2.4 ಮೀಟರಿನಲ್ಲಿ ತಟ್ಟನೆ ತನ್ನ ಭಾರಕ್ಕೇ ಇಳಿಯಿತು. 3.1 ಮೀಟರಿನಲ್ಲಿ ಮತ್ತೆ ಕಲ್ಲು ತಾಗಿತು. ಅಷ್ಟರಲ್ಲಿ ಮೇಲೆ ಬರುತ್ತಿದ್ದ ಬಿಳಿ ಪುಡಿಯೂ ನಿಂತಿತು, ಊದಿದ ಗಾಳಿ ಒಳಗೇ ಹೋಗುತ್ತಿತ್ತು. ಖಾಲಿ ಪೊಳ್ಳು! ಒಂದು ಮೀಟರ್ ಪಕ್ಕದ ಕೊಳವೆಯಲ್ಲಿ ಅದೇ ಆಳಕ್ಕೆ ರಾಡು ಬೀಳಲಿಲ್ಲ. ಬೇಗ ಬೇಗ ಇಳಿಯಿತು, ಮೇಲೆ ಅಂಟಂಟಾದ ಕೆಂಪು ಮಣ್ಣು ಬಂತು. ಅಲ್ಲಿ ಪೊಳ್ಳಿಗೆ ಜೇಡಿ ತುಂಬಿತ್ತು. ಆಳದ ಜೊತೆ ಕೊರೆಯುವ ವೇಗವನ್ನೂ ಬರೆದಿಡದಿದ್ದರೆ ಈ ಎರಡನೆಯದು ತಪ್ಪಿಹೋಗುತ್ತಿತ್ತು.

ಸುತ್ತ ಇನ್ನೂ ನಾಲ್ಕು ಕೊರೆದಾಗ ಪೊಳ್ಳಿನ ಅಗಲ ಸುಮಾರು 2 ಮೀಟರ್ ಎಂದು ಗೊತ್ತಾಯಿತು. ಗಟ್ಟಿ ಸುಣ್ಣಕಲ್ಲಿನಲ್ಲಿ ಮೇಲಿನ ಬಂಡೆಯ ದಪ್ಪ ಪೊಳ್ಳಿನ ಅಗಲದ 0.7ರಷ್ಟಿದ್ದರೆ ಸಾಮಾನ್ಯ ಪಾಯದ ಭಾರ ತಡೆಯುತ್ತದೆ ಎಂಬುದು ಒಂದು ಅಂದಾಜು. ಆ ಲೆಕ್ಕದಲ್ಲಿ 1.4 ಮೀಟರ್ ಸಾಕು, ನಮಗೆ 2.4 ಇತ್ತು. ಆದರೂ ಬಿಡಲಿಲ್ಲ. ಯಾಕೆಂದರೆ ಆ ಅಂದಾಜು ಸೀಳು ಜಾಸ್ತಿ ಇಲ್ಲದ ಬಂಡೆಗೆ ಮಾತ್ರ, ನಮ್ಮದರಲ್ಲಿ ಸೀಳುಗಳಿದ್ದವು. ಹಾಗಾಗಿ ಕೊರೆದ ತೂತುಗಳಿಂದಲೇ ಸಿಮೆಂಟ್ ಗ್ರೌಟ್ ತುಂಬಿದೆವು. ಜೇಡಿ ತುಂಬಿದ್ದ ಭಾಗವನ್ನು ಮೊದಲು ನೀರು ಹಾಯಿಸಿ ತೊಳೆಯಬೇಕಾಯಿತು, ಇಲ್ಲದಿದ್ದರೆ ಗ್ರೌಟ್ ಅದರೊಳಗೆ ನುಗ್ಗುವುದೇ ಇಲ್ಲ.

ಹಾಗಾಗಿ ನಿಮ್ಮಲ್ಲೂ ಪ್ರತಿ ಕಂಬದ ಪಾಯದಡಿ ಒಂದಾದರೂ ತೂತು ಕೊರೆಸಿ, ಪಾಯದ ಅಗಲದ ಎರಡರಷ್ಟು ಆಳಕ್ಕೆ. ರಾಡಾರ್ ಗುರುತು ತೋರಿಸಿದ ಕಡೆ ಇನ್ನೂ ಹೆಚ್ಚು. ಚಾವಣಿಯ ನೀರನ್ನು ಪಾಯದ ಪಕ್ಕದ ಇಂಗುಗುಂಡಿಗೆ ಬಿಡುವ ಯೋಚನೆ ಇದ್ದರೆ ಕೈಬಿಡಿ. ಇಂಥ ನೆಲದಲ್ಲಿ ಎಷ್ಟೋ ಸಲ ಕುಸಿಯುವುದು ಬಂಡೆಯಲ್ಲ. ಅದರ ಮೇಲಿನ ಮಣ್ಣು ನೀರಿನ ಜೊತೆ ಸೀಳಿನೊಳಗೆ ಜಾರಿ ಹೋಗುತ್ತದೆ.