ಏಪ್ರಿಲ್‌ನಲ್ಲೂ ಸ್ವೆಟರ್: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಬಯಲುಸೀಮೆಯ ಒಂದು ತಾಲ್ಲೂಕು ಊರು. ಅಜ್ಜಿಗೆ 71 ವರ್ಷ. ಮಗ, ಸೊಸೆ ಇಬ್ಬರೂ ಜೊತೆಗೆ ಬಂದಿದ್ದರು. ಯಾರೋ "ಡಿಪ್ರೆಶನ್ ಇರಬಹುದು, ಕೌನ್ಸೆಲಿಂಗ್ ಮಾಡಿಸಿ" ಅಂದಿದ್ದರಂತೆ.

ಸೊಸೆಗೆ ಸಾಕಾಗಿತ್ತು. "ಸೊಪ್ಪು ಬಿಡಿಸೋಕೆ ಕೂತರೆ ಮಧ್ಯಾಹ್ನ ಆಗುತ್ತೆ ಮೇಡಂ. ಸೆಕೆಗೆ ನಾವೆಲ್ಲ ಬೇಯ್ತಿದ್ರೆ ಇವರು ಫ್ಯಾನ್ ಆರಿಸ್ತಾರೆ. ಬೇಕು ಅಂತಲೇ ಮಾಡ್ತಾರೆ ಅನ್ಸುತ್ತೆ." ಮಗ ಮಾತ್ರ ಸಮಾಧಾನದಲ್ಲಿದ್ದರು. "ವಯಸ್ಸಾಯ್ತಲ್ವಾ? ಬ್ಯಾಟರಿ ವೀಕು ಅಷ್ಟೆ."

ನಾನು ಅಜ್ಜಿಯನ್ನು ಕೇಳಿದ ಪ್ರತಿ ಪ್ರಶ್ನೆಗೂ ಮಗನೇ ಉತ್ತರ ಕೊಡುತ್ತಿದ್ದರು. ಇಬ್ಬರನ್ನೂ ಹೊರಗೆ ಕೂರಿಸಿದೆ. ಆಮೇಲೆ ಅಜ್ಜಿಗೆ ಸಮಯ ಕೊಟ್ಟು ಕಾದೆ. ಉತ್ತರ ತಡವಾಗಿ ಬರುತ್ತಿತ್ತು, ಆದರೆ ಸರಿಯಾಗಿ ಬರುತ್ತಿತ್ತು. ಮೊಮ್ಮಗಳ ಪರೀಕ್ಷೆ ಯಾವತ್ತು, ಹಾಲಿನವನಿಗೆ ಎಷ್ಟು ಬಾಕಿ, ಎಲ್ಲ ಗೊತ್ತಿತ್ತು. ದುಃಖ ಇದೆಯಾ ಅಂದರೆ, "ಇಲ್ಲ ಕಣಮ್ಮ. ಮಾಡ್ಬೇಕು ಅನ್ಸುತ್ತೆ, ಕೈ ಓಡಲ್ಲ" ಅಂದರು.

ಖಿನ್ನತೆಯಲ್ಲಿ ಸಾಮಾನ್ಯವಾಗಿ ಮಾಡಬೇಕು ಅನ್ನಿಸುವುದೇ ಕಡಿಮೆಯಾಗುತ್ತದೆ. ಇಲ್ಲಿ ಆಸೆ ಇತ್ತು, ಮೈ ಕೇಳುತ್ತಿರಲಿಲ್ಲ. ಇದೊಂದರಿಂದಲೇ ತೀರ್ಮಾನಕ್ಕೆ ಬರಲಾಗದು, ಆದ್ದರಿಂದ ಇನ್ನಷ್ಟು ಕೇಳಿದೆ. ವರ್ಷದಿಂದ ದನಿ ಗೊಗ್ಗರಾಗಿದೆ. ಮಲಬದ್ಧತೆ ಇದೆ. ಊಟ ಕಡಿಮೆ, ಆದರೂ ತೂಕ ಸ್ವಲ್ಪ ಏರಿದೆ. ಮುಖ ಊದಿಕೊಂಡಂತಿತ್ತು, ಮೊಣಕೈ ಚರ್ಮ ಒಣಗಿ ಬಿರಿದಿತ್ತು. ಒಂದೊಂದನ್ನೇ ನೋಡಿದರೆ ಎಲ್ಲವೂ ವಯಸ್ಸಿನದೇ ಅನ್ನಿಸುತ್ತದೆ. ಮನೆಯವರು ತಪ್ಪಿದ್ದೂ ಅಲ್ಲೇ. ಇವೆಲ್ಲ ಒಟ್ಟಿಗೆ, ಅದೂ ಒಂದೆರಡು ವರ್ಷದಲ್ಲಿ ಬಂದರೆ ರಕ್ತ ಪರೀಕ್ಷೆ ಮಾಡಿಸಬೇಕು.

ಕಾಯಿಲೆ ಹೆಸರಿಸುವುದು ನನ್ನ ಕೆಲಸವಲ್ಲ. ಕಂಡಿದ್ದನ್ನು ಚೀಟಿಯಲ್ಲಿ ಬರೆದು, ಥೈರಾಯ್ಡ್ ಪರೀಕ್ಷೆ ನೋಡಬಹುದೇ ಎಂದು ಕೇಳಿ ವೈದ್ಯರ ಹತ್ತಿರ ಕಳಿಸಿದೆ. ಟಿಎಸ್‌ಎಚ್ 62 ಬಂತು. ಆ ಲ್ಯಾಬಿನ ಮಿತಿ ಸುಮಾರು 4. ಥೈರಾಯ್ಡ್ ಗ್ರಂಥಿ ತಯಾರಿಸುವ ಟಿ4 ಹಾರ್ಮೋನು ಕಡಿಮೆ ಇತ್ತು.

ಮಗನಿಗೆ ಗಾಬರಿ: "ಥೈರಾಯ್ಡ್ ಇಷ್ಟು ಜಾಸ್ತಿನಾ?" ತುಂಬಾ ಜನ ಹೀಗೇ ಓದುತ್ತಾರೆ. ವಿಷಯ ಉಲ್ಟಾ. ಕತ್ತಿನ ಥೈರಾಯ್ಡ್ ಗ್ರಂಥಿ ಕೆಲಸ ಕಡಿಮೆ ಮಾಡಿದಾಗ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಅದನ್ನು ಎಬ್ಬಿಸಲು ಟಿಎಸ್‌ಎಚ್ ಹೆಚ್ಚು ಕಳಿಸುತ್ತದೆ. ಅಂದರೆ ಅಜ್ಜಿಗೆ ಥೈರಾಯ್ಡ್ ಹಾರ್ಮೋನು ಸಾಲುತ್ತಿರಲಿಲ್ಲ. ಮೈಯಲ್ಲಿ ಬಿಸಿ ಹುಟ್ಟುವುದೂ, ಕರುಳು, ಯೋಚನೆ, ನಡಿಗೆಯ ಚುರುಕೂ ಆ ಹಾರ್ಮೋನಿನ ಮೇಲೆ ನಿಂತಿವೆ.

ವೈದ್ಯರು ಇಸಿಜಿ ನೋಡಿ, ಆ ಹಾರ್ಮೋನನ್ನೇ ತುಂಬಿಕೊಡುವ ಲೆವೊಥೈರಾಕ್ಸಿನ್ ಮಾತ್ರೆ 25 ಮೈಕ್ರೋಗ್ರಾಂ ಶುರು ಮಾಡಿದರು. ವಯಸ್ಸಾದವರಿಗೆ ಒಮ್ಮೆಲೇ ಜಾಸ್ತಿ ಕೊಟ್ಟರೆ ಹೃದಯಕ್ಕೆ ಹೊರೆ. ಆರರಿಂದ ಎಂಟು ವಾರಕ್ಕೊಮ್ಮೆ ಪರೀಕ್ಷೆ ಮಾಡಿ ಸ್ವಲ್ಪ ಸ್ವಲ್ಪ ಏರಿಸುತ್ತಾರೆ.

ಆಮೇಲೆ ಮನೆಯವರ ಜೊತೆ ಮಾತಾಡುವುದು ನನ್ನ ಪಾಲಿನ ಕೆಲಸವಾಗಿತ್ತು. ಮೊದಲ ತಕರಾರು ಕಾಫಿ. ಅಜ್ಜಿಗೆ ಎದ್ದ ಕೂಡಲೇ ಫಿಲ್ಟರ್ ಕಾಫಿ ಬೇಕು, ಮಾತ್ರೆಯನ್ನೂ ಅದರಲ್ಲೇ ನುಂಗುತ್ತಿದ್ದರು. ಕಾಫಿ ಜೊತೆ ತೆಗೆದುಕೊಂಡರೆ ಮಾತ್ರೆ ಸರಿಯಾಗಿ ಒಳಗೆ ಸೇರುವುದಿಲ್ಲ. ಬೆಳಿಗ್ಗೆ ಬರೀ ನೀರಿನಲ್ಲಿ ಮಾತ್ರೆ, ಒಂದು ಗಂಟೆ ಬಿಟ್ಟು ಕಾಫಿ ಎಂದು ಒಪ್ಪಿಸಿದೆ. ಮಂಡಿನೋವಿಗೆ ಅಂತ ಬೆಳಿಗ್ಗೆ ನುಂಗುತ್ತಿದ್ದ ಕ್ಯಾಲ್ಸಿಯಂ ಮಾತ್ರೆಯನ್ನೂ ವೈದ್ಯರನ್ನು ಕೇಳಿ ರಾತ್ರಿ ಊಟಕ್ಕೆ ಬದಲಿಸಿದರು. ಎರಡರ ನಡುವೆ ನಾಲ್ಕು ಗಂಟೆಯಾದರೂ ಬೇಕು.

ಸೊಸೆಗೆ ಹೇಳಿದ್ದು: ಎರಡು ತಿಂಗಳು ಅತ್ತೆಗೆ ಆತುರದ ಕೆಲಸ ಕೊಡಬೇಡಿ, ಆದರೆ ಕೆಲಸವನ್ನೇ ಕಸಿದುಕೊಳ್ಳಲೂಬೇಡಿ. ಸೊಪ್ಪನ್ನು ಹಿಂದಿನ ಸಂಜೆಯೇ ಕೊಟ್ಟುಬಿಡಿ. ಹೊದಿಕೆ, ಕಾಲುಚೀಲ ಸಾಕು. ಮಂಚದ ಕೆಳಗೆ ಕೆಂಡದ ಬೋಗುಣಿ ಇಡುವುದು ನಿಲ್ಲಿಸಿ. ಮಂಪರು ಜಾಸ್ತಿಯಾಗಿ, ಮೈ ತಣ್ಣಗಾಗಿ, ಕರೆದರೂ ಸರಿಯಾಗಿ ಓಗೊಡದಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಮಾತ್ರೆ ಶುರುವಾದ ಮೇಲೆ ಎದೆನೋವು ಬಂದರೂ, ಎದೆ ಡವಡವ ಅಂದರೂ ತಡ ಮಾಡದೆ ವೈದ್ಯರಿಗೆ ತೋರಿಸಿ.

ಮೊದಲ ವಾರಗಳಲ್ಲಿ ಏನೂ ಬದಲಾಗಲಿಲ್ಲ. "ಸುಮ್ನೆ ದುಡ್ಡು ದಂಡ" ಎಂದು ಮಗ ಗೊಣಗಿದರು. ಎರಡನೇ ಸಲ ಡೋಸ್ ಏರಿಸಿದ ಮೇಲೆ ಮಲಬದ್ಧತೆ ಕಡಿಮೆಯಾಯಿತು, ಸ್ವೆಟರ್ ರಾತ್ರಿಗೆ ಮಾತ್ರ ಆಯಿತು. ಮಂಡಿನೋವು, ಮೆಟ್ಟಿಲ ಮೇಲೆ ನಿಧಾನ ಹಾಗೇ ಉಳಿದವು. ಅವು ನಿಜಕ್ಕೂ ವಯಸ್ಸಿನವು ಇರಬಹುದು.

ಇದನ್ನು ಕಂಡು ಪಕ್ಕದ ಮನೆಯ 80ರ ಅಜ್ಜಿ ತಮಗೂ ಅದೇ ಮಾತ್ರೆ ಕೇಳಿದರು. ಹಂಚಿಕೊಳ್ಳುವ ಮಾತ್ರೆ ಇದಲ್ಲ. ಪರೀಕ್ಷೆ ಮಾಡಿಸಿದಾಗ ಅವರ ಟಿಎಸ್‌ಎಚ್ 6, ಟಿ4 ಸರಿಯಿತ್ತು. ಆ ವಯಸ್ಸಿಗೆ ಅಷ್ಟು ಏರಿಕೆ ಸಾಮಾನ್ಯ, ಬೇಡದ ಮಾತ್ರೆ ಕೊಟ್ಟರೆ ಎದೆಬಡಿತ ಏರುಪೇರಾಗಬಹುದು, ಮೂಳೆ ಸವೆಯಬಹುದು. ವೈದ್ಯರು ಮಾತ್ರೆ ಕೊಡದೆ, ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆಗೆ ಬರಲು ಹೇಳಿದರು.