ನೈವ್ ಲಿಂಫೋಸೈಟ್ ಲಿಂಫ್ ನೋಡ್‌ನಲ್ಲಿ ಕಾರ್ಟೆಕ್ಸ್, ಪ್ಯಾರಾಕಾರ್ಟೆಕ್ಸ್, ಮೆಡುಲ್ಲಾ ದಾಟುವ ಕ್ರಮ ನೆನಪಿಡೋಕೆ ಸುಲಭ ಉಪಾಯ ಇದೆಯಾ?

ಉಪಾಯ ಹುಡುಕಬೇಡಿ. ನಾನು ಹುಡುಕಿ ಕೆಟ್ಟವನು.

ಮೊದಲ ವರ್ಷದಲ್ಲಿ ನೋಡ್‌ನ ಚಿತ್ರ ಬರೆದು, ಅದರ ಉಬ್ಬಿದ ಬದಿಗೆ ಬಂದು ಸೇರುವ ಲಿಂಫ್ ನಾಳದಿಂದ ಒಂದು ಕೆಂಪು ಬಾಣ ಹೊರಡಿಸಿ, ಮೂರೂ ವಲಯ ದಾಟಿಸಿ, ಹೈಲಮ್‌ನಲ್ಲಿ ಹೊರಗೆ ಬಿಟ್ಟಿದ್ದೆ. ಬಾಣದ ಮೇಲೆ 'ಲಿಂಫೋಸೈಟ್' ಅಂತ ಬರೆದಿದ್ದೆ. ಚೆಂದ ಇತ್ತು, ಗೋಡೆಗೂ ಅಂಟಿಸಿದ್ದೆ.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನೋಡ್‌ನ ಸ್ಲೈಡ್ ಬಂತು. ಪಾಯಿಂಟರ್ ಪ್ಯಾರಾಕಾರ್ಟೆಕ್ಸ್‌ನ ಒಂದು ಸಣ್ಣ ಕೊಳವೆಯ ಮೇಲಿತ್ತು. ಅದರ ಗೋಡೆಯ ಕೋಶಗಳು ರಕ್ತನಾಳದಲ್ಲಿ ಇರುವಂತೆ ಚಪ್ಪಟೆಯಾಗಿರಲಿಲ್ಲ, ಎತ್ತರವಾಗಿ ದಪ್ಪದಪ್ಪಗಿದ್ದವು. ನಡುನಡುವೆ ಸಿಕ್ಕಿಹಾಕಿಕೊಂಡ ಹಾಗೆ ಕಡುನೀಲಿ ಚುಕ್ಕೆಗಳು. ನಾನು 'ಗ್ರಂಥಿಯ ಡಕ್ಟ್' ಅಂದೆ.

"ಲಿಂಫ್ ನೋಡ್‌ನಲ್ಲಿ ಡಕ್ಟ್ ಎಲ್ಲಿಂದ ಬಂತಪ್ಪಾ? ಹೋಗ್ಲಿ, ನೈವ್ ಲಿಂಫೋಸೈಟ್ ನೋಡ್ ಒಳಗೆ ಹೇಗೆ ಬರುತ್ತೆ?"

"ಲಿಂಫ್ ನಾಳದಿಂದ ಸಾರ್."

"ಬರ್ತಾ ಇರೋದನ್ನ ಕಣ್ಣಾರೆ ನೋಡಿಯೇ ಡಕ್ಟ್ ಅಂದ್ಯಲ್ಲೋ!"

ಅದು ಹೈ ಎಂಡೋಥೀಲಿಯಲ್ ವೆನ್ಯೂಲ್. ರಕ್ತನಾಳವೇ. ಆ ನೀಲಿ ಚುಕ್ಕೆಗಳು ರಕ್ತದಿಂದ ಗೋಡೆ ತೂರಿ ಒಳಬರುತ್ತಿದ್ದ ಲಿಂಫೋಸೈಟ್‌ಗಳು. ಆ ವಿಷಯದಲ್ಲಿ ಫೇಲಾದೆ.

ನನ್ನ ತಪ್ಪು ಹೆಸರು ಮರೆತದ್ದಲ್ಲ, ಎರಡು ಸಂಚಾರವನ್ನು ಒಂದೇ ಬಾಣದಲ್ಲಿ ತುರುಕಿದ್ದು. ನಿಮ್ಮ ಪ್ರಶ್ನೆಯಲ್ಲೂ ಅದೇ ಇದೆ. ಉಬ್ಬಿದ ಬದಿಯ ಲಿಂಫ್‌ನಲ್ಲಿ ಬರುವುದು ಆಂಟಿಜೆನ್ ಮತ್ತು ಅದನ್ನು ಹೊತ್ತ ಡೆಂಡ್ರಿಟಿಕ್ ಕೋಶ. ನೈವ್ ಲಿಂಫೋಸೈಟ್ ಬಹುಪಾಲು ಬರುವುದು ರಕ್ತದಿಂದ, ಅದೂ ನೇರ ಪ್ಯಾರಾಕಾರ್ಟೆಕ್ಸ್‌ಗೆ. (ನೋಡ್‌ಗಳು ಸಾಲಾಗಿರುವ ಕಡೆ ಹಿಂದಿನ ನೋಡ್ ಬಿಟ್ಟು ಬಂದ ಕೆಲವು ಲಿಂಫ್‌ನಲ್ಲೇ ಬರುತ್ತವೆ. ಅಷ್ಟಕ್ಕೆ ನನ್ನ ಬಾಣ ಸರಿಯಾಗುವುದಿಲ್ಲ.)

ಆ ಗೋಡೆ ತೂರುವುದನ್ನು ನಿಧಾನವಾಗಿ ಹೇಳುತ್ತೇನೆ, ನನಗೆ ತಡವಾಗಿ ಅರ್ಥವಾದದ್ದು ಅದೇ. ಲಿಂಫೋಸೈಟ್‌ನ ಮೈಮೇಲಿನ ಎಲ್-ಸೆಲೆಕ್ಟಿನ್ ನಾಳದ ಗೋಡೆಯ ಸಕ್ಕರೆ ಅಣುಗಳಿಗೆ ಮೆಲ್ಲಗೆ ಅಂಟುತ್ತದೆ. ಬಿಡುತ್ತದೆ, ಮತ್ತೆ ಅಂಟುತ್ತದೆ. ಹಾಗಾಗಿ ಕೋಶ ಉರುಳುತ್ತಾ ನಿಧಾನವಾಗುತ್ತದೆ. ಗೋಡೆಯ ಮೇಲಿನ ಸಿಸಿಎಲ್21 ಎಂಬ ಸಂಕೇತ ಕೋಶದ ಸಿಸಿಆರ್7ಗೆ ತಗುಲಿದಾಗ ಗಟ್ಟಿ ಹಿಡಿತದ ಅಣುಗಳು ಚುರುಕಾಗುತ್ತವೆ, ಕೋಶ ನಿಲ್ಲುತ್ತದೆ, ಆಮೇಲೆ ತೂರುತ್ತದೆ.

ಒಳಗೆ ಬಂದ ಮೇಲೆ ದಾರಿ ಕವಲೊಡೆಯುತ್ತದೆ. ಟಿ ಕೋಶ ಪ್ಯಾರಾಕಾರ್ಟೆಕ್ಸ್‌ನಲ್ಲೇ ಉಳಿಯುತ್ತದೆ. ಬಿ ಕೋಶ ಸಿಎಕ್ಸ್‌ಸಿಎಲ್13ರ ಜಾಡು ಹಿಡಿದು ಹೊರಗಿನ ಕಾರ್ಟೆಕ್ಸ್‌ನ ಫಾಲಿಕಲ್ ಕಡೆ ಹೋಗುತ್ತದೆ. ಅಂದರೆ ಕಾರ್ಟೆಕ್ಸ್‌ಗೆ ಅದು ಒಳಗಿನಿಂದ ಬರುತ್ತದೆ, ನೀವು ಅಂದುಕೊಂಡ ದಿಕ್ಕಿಗೆ ತದ್ವಿರುದ್ಧ!

ಬೆರಳಿಗೆ ಗಾಯವಾಗಿ ಕೀವಾಯಿತು ಅನ್ನಿ. ಆಂಟಿಜೆನ್ ಲಿಂಫ್‌ನಲ್ಲಿ ಕಂಕುಳಿನ ನೋಡ್‌ಗೆ ಬಂದು ಮೊದಲು ಕ್ಯಾಪ್ಸೂಲ್ ಅಡಿಯ ಸೈನಸ್ ಸೇರುತ್ತದೆ. ದೊಡ್ಡ ಕಣಗಳನ್ನು ಅಲ್ಲಿನ ಮ್ಯಾಕ್ರೋಫೇಜ್‌ಗಳು ಹಿಡಿದು ಕೆಳಗಿನ ಫಾಲಿಕಲ್‌ನ ಬಿ ಕೋಶಗಳಿಗೆ ದಾಟಿಸುತ್ತವೆ. ಸಣ್ಣ ಅಣುಗಳು ತೆಳು ಕಾಲುವೆಗಳಲ್ಲಿ ಒಳಗೆ ಇಳಿಯುತ್ತವೆ. ಚರ್ಮದಿಂದ ಹೊರಟ ಡೆಂಡ್ರಿಟಿಕ್ ಕೋಶ ಅವಕ್ಕಿಂತ ತಡವಾಗಿ ಬಂದು ಪ್ಯಾರಾಕಾರ್ಟೆಕ್ಸ್‌ನಲ್ಲಿ ಕೂರುತ್ತದೆ. ಅದರ ಸುತ್ತ ಟಿ ಕೋಶಗಳು ನಿಮಿಷಕ್ಕೆ ಸುಮಾರು 10 ಮೈಕ್ರೋಮೀಟರ್ ವೇಗದಲ್ಲಿ ಅಲೆಯುತ್ತಾ ಒಂದೊಂದಾಗಿ ತಡವಿ ನೋಡುತ್ತವೆ. ಒಂದು ನಿರ್ದಿಷ್ಟ ಆಂಟಿಜೆನ್‌ಗೆ ಹೊಂದುವ ನೈವ್ ಟಿ ಕೋಶ ಲಕ್ಷಕ್ಕೊಂದು, ಕೆಲವೊಮ್ಮೆ ಹತ್ತು ಲಕ್ಷಕ್ಕೊಂದು. ಅದಕ್ಕೇ ಇಷ್ಟೊಂದು ಓಡಾಟ.

ಹೊಂದದ ಟಿ ಕೋಶ ಅರ್ಧ ದಿನವೋ ಒಂದು ದಿನವೋ ಅಲೆದು, ಲಿಂಫ್‌ನಲ್ಲಿ ಜಾಸ್ತಿ ಇರುವ ಎಸ್1ಪಿ ಎಂಬ ಕೊಬ್ಬಿನ ಅಣುವಿನ ಸೆಳೆತಕ್ಕೆ ಸೈನಸ್ ಹೊಕ್ಕು, ಮೆಡುಲ್ಲಾ ಮೂಲಕ ಹೊರಗೆ ಹೋಗಿ ಮತ್ತೆ ರಕ್ತ ಸೇರುತ್ತದೆ. ಹೊಂದಿದ ಕೋಶ ಆ ಸೆಳೆತಕ್ಕೆ ಸ್ಪಂದಿಸುವ ರಿಸೆಪ್ಟರನ್ನೇ ಒಳಗೆಳೆದುಕೊಂಡು ಕೆಲ ದಿನ ಅಲ್ಲೇ ಉಳಿದು ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ. ನೈವ್ ಕೋಶದ ಮಟ್ಟಿಗೆ ಮೆಡುಲ್ಲಾ ಹೊರಹೋಗುವ ಓಣಿ, ಭೇಟಿಯ ಜಾಗವಲ್ಲ. ಅಲ್ಲಿನ ಕಾರ್ಡ್‌ಗಳಲ್ಲಿ ಕಾಣುವ ಪ್ಲಾಸ್ಮಾ ಕೋಶಗಳು ಆಂಟಿಜೆನ್ ಕಂಡು ಬದಲಾದ ಬಿ ಕೋಶಗಳು.

ಕ್ರಮ ಬಾಯಿಪಾಠ ಮಾಡಲೇಬೇಕು ಅನ್ನುವವರಿಗೆ ನಾನು ಕೇಳುವುದು ಒಂದೇ. ಥೈಮಸ್ ಇಲ್ಲದೆ ಹುಟ್ಟಿದ ಮಗುವಿನ ನೋಡ್‌ನಲ್ಲಿ ಪ್ಯಾರಾಕಾರ್ಟೆಕ್ಸ್ ಖಾಲಿ, ಆದರೂ ಫಾಲಿಕಲ್‌ಗಳು ಇರುತ್ತವೆ. ಬಿ ಕೋಶವೇ ಬೆಳೆಯದ ಮಗುವಿನಲ್ಲಿ ಫಾಲಿಕಲ್ ಕಾಣುವುದಿಲ್ಲ, ಪ್ಯಾರಾಕಾರ್ಟೆಕ್ಸ್ ಮಾತ್ರ ತುಂಬಿರುತ್ತದೆ. ಎಲ್ಲ ಲಿಂಫೋಸೈಟೂ ಒಂದೇ ಸಾಲಿನಲ್ಲಿ ನಡೆಯುವುದಾದರೆ ಇದು ಹೇಗೆ ಸಾಧ್ಯ? ಹಾಗಾಗಿ ಚಿತ್ರ ಬರೆಯುವಾಗ ಎರಡು ಪೆನ್ನು ತಗೊಳ್ಳಿ. ನೀಲಿಯದು ಲಿಂಫ್ ನಾಳದಿಂದ ಶುರುವಾಗಲಿ, ಕೆಂಪು ಪ್ಯಾರಾಕಾರ್ಟೆಕ್ಸ್‌ನ ರಕ್ತನಾಳದಿಂದ.