ರೇಟಿಂಗ್ ಮೊದಲು ಹೇಳಬೇಕೋ, ಕೊನೆಗೋ?

ಪ್ರಶ್ನೆ: ಹುಬ್ಬಳ್ಳಿಯ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಐದು ಜನರ ಅಕೌಂಟ್ಸ್ ಟೀಮ್ ನೋಡಿಕೊಳ್ಳುತ್ತೇನೆ. ಅವರಲ್ಲಿ ಒಬ್ಬರು ನನಗಿಂತ 12 ವರ್ಷ ದೊಡ್ಡವರು. ಈ ವರ್ಷ ಅವರು ಮಾಡುವ ಖರೀದಿ ಬಿಲ್ ಎಂಟ್ರಿ ಹಲವು ಸಲ ತಡವಾಗಿದೆ. ಹೋದ ವರ್ಷದ ಅಪ್ರೈಸಲ್‌ನಲ್ಲಿ ಹೊಗಳಿ ಶುರು ಮಾಡಿ, ನಡುವೆ ತಪ್ಪು ಹೇಳಿ, ಮತ್ತೆ ಹೊಗಳಿ ಮುಗಿಸಿದೆ. ‘ಸರಿ ಸರ್, ಸರಿ ಸರ್’ ಅಂದು ಎದ್ದು ಹೋದರು. ಏನೂ ಬದಲಾಗಲಿಲ್ಲ. ಈ ಸಲ 5ಕ್ಕೆ 3 ರೇಟಿಂಗ್ ಅಂತ ಮೇಲಿನಿಂದ ಫೈನಲ್ ಆಗಿದೆ. ಮಾತು ಹೇಗೆ ಶುರು ಮಾಡಲಿ? ರೇಟಿಂಗ್ ಯಾವಾಗ ಹೇಳಲಿ?

ಉತ್ತರ: ಮೊದಲೇ ಹೇಳಿಬಿಡಿ. ಫೈನಲ್ ಆದ ನಂಬರನ್ನು ಜೇಬಿನಲ್ಲಿಟ್ಟುಕೊಂಡು ‘ನಿಮ್ಮ ವರ್ಷ ಹೇಗಿತ್ತು’ ಅಂತ ಕೇಳಿದರೆ, ಅದು ಬರೀ ನಾಟಕ ಅಂತ ಅವರಿಗೆ ಆಮೇಲೆ ಗೊತ್ತಾಗೇ ಆಗುತ್ತದೆ. ಅಲ್ಲಿಯವರೆಗೂ ಅವರ ಗಮನ ನಂಬರ್ ಮೇಲೇ ಇರುತ್ತದೆ. ನೀವು ಹೊಗಳಿದಷ್ಟೂ ‘ಆದರೆ’ ಯಾವಾಗ ಬರುತ್ತದೋ ಅಂತ ಕಾಯುತ್ತಾರೆ. ರೇಟಿಂಗ್ ಇನ್ನೂ ಕಳಿಸಿರದಿದ್ದರೆ ನಾನು ಉಲ್ಟಾ ಹೇಳುತ್ತಿದ್ದೆ: ಮೊದಲು ಅವರ ಮಾತು ಕೇಳಿ, ಆಮೇಲೆ ನಂಬರ್ ಹಾಕಿ ಅಂತ. ಮುಂದಿನ ವರ್ಷ ಹಾಗೇ ಮಾಡಿ.

ಸಂಬಳದ ಮಾತನ್ನು ಮಾತ್ರ ಅದೇ ದಿನ ತರಬೇಡಿ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ 1960ರ ದಶಕದಲ್ಲಿ ತನ್ನಲ್ಲೇ ನಡೆಯುತ್ತಿದ್ದ ಅಪ್ರೈಸಲ್‌ಗಳನ್ನು ಪರೀಕ್ಷಿಸಿತ್ತು. ಟೀಕೆ ಕೇಳಿದ ಜನ ತಮ್ಮನ್ನು ಸಮರ್ಥಿಸಿಕೊಳ್ಳುವುದರಲ್ಲೇ ಬಿದ್ದರು. ಹೊಗಳಿಕೆಯಿಂದಲೂ ಹೆಚ್ಚೇನೂ ಆಗಲಿಲ್ಲ. ಸಂಬಳದ ಮಾತನ್ನೂ ಕೆಲಸ ಸುಧಾರಿಸುವ ಮಾತನ್ನೂ ಒಂದೇ ಸಲ ಕೂತು ಆಡಬಾರದು ಅನ್ನುವುದು ಅವರು ಕಂಡುಕೊಂಡ ಪಾಠ.

ಮೂರು-ನಾಲ್ಕು ದಿನ ಮುಂಚೆ ತಿಳಿಸಿ, ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. 11ರಿಂದ 20ನೇ ತಾರೀಖಿನವರೆಗೆ ಬೇಡ. ಜಿಎಸ್‌ಟಿ ರಿಟರ್ನ್ ಗಡಿಬಿಡಿಯಲ್ಲಿ ಅಕೌಂಟ್ಸ್‌ನವರನ್ನು ಕೂರಿಸಿದರೆ ತಲೆ ಎಲ್ಲೋ ಇರುತ್ತದೆ, ಅಲ್ವಾ? ಕೂತ ಮೇಲೆ ಹೀಗೆ ಶುರು ಮಾಡಬಹುದು: ‘ಸರ್, ರೇಟಿಂಗ್ 3 ಬಂದಿದೆ. ಅದನ್ನು ಇವತ್ತು ಬದಲಿಸೋಕೆ ನನ್ನ ಕೈಲಿ ಆಗಲ್ಲ. ಮುಖ್ಯ ಕಾರಣ, ಮೂರು ತಿಂಗಳು ಖರೀದಿ ಬಿಲ್‌ಗಳು 17ನೇ ತಾರೀಖು ದಾಟಿದ ಮೇಲೆ ಎಂಟ್ರಿ ಆಗಿವೆ.’ ತಿಂಗಳು, ತಾರೀಖು ನಿಮ್ಮ ಲೆಡ್ಜರ್ ನೋಡಿಯೇ ಹೇಳಿ. ‘ನೀವು ಯಾವಾಗಲೂ ತಡ’ ಅಂದರೆ ಅವರು ತಡವಾಗದ ಒಂದು ತಿಂಗಳನ್ನು ತೋರಿಸುತ್ತಾರೆ, ಮಾತು ಅಲ್ಲಿಗೆ ಮುಗಿಯಿತು.

ಇಷ್ಟು ಹೇಳಿ ಸುಮ್ಮನಾಗಿ. ಇದೇ ಕಷ್ಟದ ಕೆಲಸ. ಹತ್ತು ಸೆಕೆಂಡ್ ಮೌನ ಹತ್ತು ನಿಮಿಷದಂತೆ ಅನ್ನಿಸುತ್ತದೆ, ನಾವೇ ಸಮಾಧಾನದ ಮಾತು ತುಂಬಿಬಿಡುತ್ತೇವೆ. ತುಂಬಬೇಡಿ. ಸಿಟ್ಟಾದರೆ ಆಗಲಿ, ವಾದಕ್ಕೆ ಇಳಿಯಬೇಡಿ.

ಆಮೇಲೆ ‘ಯಾಕೆ ತಡ ಆಯ್ತು’ ಅಂತ ಕೇಳಬೇಡಿ. ಚಿಕ್ಕವರ ಬಾಯಲ್ಲಿ ಅದು ಜೋರು ಮಾಡಿದಂತೆ ಕೇಳಿಸುತ್ತದೆ, ಉತ್ತರವಾಗಿ ಮತ್ತೆ ‘ಸರಿ ಸರ್’ ಬರುತ್ತದೆ. ‘ಒಂದು ಬಿಲ್ ಬಂದಾಗಿನಿಂದ ಎಂಟ್ರಿ ಆಗುವವರೆಗೆ ಏನೇನು ಆಗುತ್ತೆ, ಸ್ವಲ್ಪ ಹೇಳಿ ಸರ್’ ಅನ್ನಿ. ಆಗ ಅವರು ತಮ್ಮ ಕೆಲಸದ ಬಗ್ಗೆ ಮಾತಾಡುತ್ತಾರೆ.

ಅವರು ಹೀಗೆ ಹೇಳಬಹುದು: ‘ಬಿಲ್ 5ಕ್ಕೇ ಬಂದಿರುತ್ತೆ. ಸ್ಟೋರ್ಸ್‌ನಿಂದ ಮಾಲು ಬಂದ ಚೀಟಿ ಬರೋದೇ 15, 16ಕ್ಕೆ. ಅದಿಲ್ಲದೆ ಎಂಟ್ರಿ ಮಾಡೋದು ಹೇಗೆ?’ ತಕ್ಷಣ ಒಪ್ಪಲೂ ಬೇಡಿ, ಅಲ್ಲಗಳೆಯಲೂ ಬೇಡಿ. ‘ಅಂದ್ರೆ ಹತ್ತು ದಿನ ಸ್ಟೋರ್ಸ್‌ನಲ್ಲೇ ನಿಲ್ಲುತ್ತೆ, ಸರೀನಾ?’ ಅಂತ ಅವರ ಮಾತನ್ನೇ ತಿರುಗಿ ಹೇಳಿ. ಸರಿ ಅಂದರೆ ‘ಚೀಟಿ ಬೇಗ ಬಂದ ಬಿಲ್‌ಗಳ ಕಥೆ?’ ಅಂತ ಕೇಳಿ. ಅವರ ಕಡೆಯ ತಡ ಎಷ್ಟು ಅನ್ನುವುದು ಆ ಉತ್ತರದಲ್ಲಿರುತ್ತದೆ.

ಕೊನೆಯ ಹದಿನೈದು ನಿಮಿಷ ಒಪ್ಪಂದಕ್ಕೆ ಬಿಡಿ. ಎರಡೇ ಸಾಲು ಸಾಕು. ಒಂದು ನಿಮ್ಮ ಹೆಸರಲ್ಲಿ: ಚೀಟಿ ಮಾಲು ಬಂದ ಮೂರು ದಿನದೊಳಗೆ ಕೊಡಿಸುವಂತೆ ಸ್ಟೋರ್ಸ್ ಮುಖ್ಯಸ್ಥರ ಹತ್ತಿರ ಈ ವಾರವೇ ಮಾತಾಡುತ್ತೇನೆ. ಇನ್ನೊಂದು ಅವರ ಹೆಸರಲ್ಲಿ: ಚೀಟಿ ಸಿಕ್ಕ ಎರಡು ದಿನದಲ್ಲಿ ಎಂಟ್ರಿ, ಸಿಗದ ಬಿಲ್‌ಗಳ ಪಟ್ಟಿ 8ನೇ ತಾರೀಖಿಗೆ ನಿಮಗೆ. ‘ಎರಡು ದಿನ’ ಅನ್ನುವ ಗಡುವು ಅವರ ಬಾಯಿಂದಲೇ ಬರಲಿ. ನೀವು ಹೇಳಿದ್ದಕ್ಕೆ ಅವರು ತಲೆಯಾಡಿಸಿದರೆ ಹೋದ ವರ್ಷದ ಕಥೆಯೇ. ಸಾಲುಗಳನ್ನು ಅವರೇ ಬರೆದರೆ ಇನ್ನೂ ಒಳ್ಳೆಯದು.

ಆರು ವಾರದ ನಂತರದ ಒಂದು ತಾರೀಖನ್ನು ಅಲ್ಲೇ ಗುರುತು ಹಾಕಿಕೊಳ್ಳಿ. ಅವತ್ತು ಮೊದಲು ನಿಮ್ಮ ಸಾಲಿನ ಲೆಕ್ಕ ಒಪ್ಪಿಸಿ. ಚೀಟಿಗಳು ಬೇಗ ಬರುತ್ತಿದ್ದೂ ಎಂಟ್ರಿ 17 ದಾಟುತ್ತಿದ್ದರೆ, ತೊಂದರೆ ಸ್ಟೋರ್ಸ್‌ನದಲ್ಲ. ಆಗ ಅದನ್ನು ನೇರವಾಗಿ ಮಾತಾಡಲು ಇಬ್ಬರ ಮುಂದೆಯೂ ಒಂದೇ ಹಾಳೆ ಇರುತ್ತದೆ.